ಮೊದಲ ಸ್ಥಾನ ಮೇಲಿರಬೇಕು: ಬಾರ್ ಚಾರ್ಟ್‌ನ ತಲೆಕೆಳಗಾದ ಕ್ರಮ

ಅಡ್ಡ ಬಾರ್ ಚಾರ್ಟ್‌ನಲ್ಲಿ ಹೆಸರುಗಳ ಕ್ರಮವನ್ನು ತಿರುವಿ ಹಾಕುವುದನ್ನು ಬಹುತೇಕ ಕಂಪ್ಯೂಟರ್ ತರಬೇತಿಗಳು ಕೊನೆಯ ಅಲಂಕಾರವೆಂದು ಹೇಳಿ ಮುಗಿಸುತ್ತವೆ. ಶ್ರೇಣಿಯನ್ನು ತೋರಿಸುವ ಚಾರ್ಟ್‌ನಲ್ಲಿ ಅದು ಅಲಂಕಾರವಲ್ಲ. ಮೊದಲ ಸ್ಥಾನ ಪುಟದ ತಳದಲ್ಲಿ ಕೂತಿದ್ದರೆ ಓದುಗ ಕೊನೆಯದನ್ನೇ ಮೊದಲು ಓದುತ್ತಾನೆ. ಕನ್ನಡದ ಪುಟ ಮೇಲಿನಿಂದ ಕೆಳಕ್ಕೆ ಸಾಗುತ್ತದೆ, ಚಾರ್ಟ್ ಮಾತ್ರ ಕೆಳಗಿನಿಂದ ಮೇಲಕ್ಕೆ ಸಾಗಬೇಕೆನ್ನಲು ಕಾರಣವಿಲ್ಲ.

ಶಿವಮೊಗ್ಗ ಮತ್ತು ಭದ್ರಾವತಿಯ ಓದುಗರಿಗೆ ಚೆನ್ನಾಗಿ ಗೊತ್ತಿರುವ ಅಂಕಿಯೆಂದರೆ ಜಲಾಶಯಗಳದ್ದು. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಕಣ್ಣು ಮೊದಲು ಹೋಗುವುದು ಭದ್ರಾ, ಲಿಂಗನಮಕ್ಕಿ, ತುಂಗಾ ಅಣೆಕಟ್ಟುಗಳ ನೀರಿನ ಮಟ್ಟಕ್ಕೆ. ರಾಜ್ಯದ ಐದು ದೊಡ್ಡ ಜಲಾಶಯಗಳ ಒಟ್ಟು ಸಾಮರ್ಥ್ಯವನ್ನು ಟಿಎಂಸಿಯಲ್ಲಿ ಇಳಿಕೆಯ ಕ್ರಮದಲ್ಲಿ ಬರೆದರೆ ಲಿಂಗನಮಕ್ಕಿ ಸುಮಾರು 151, ಸೂಪಾ 145, ಆಲಮಟ್ಟಿ 123, ತುಂಗಭದ್ರಾ 105, ಭದ್ರಾ 71. ಈ ಐದು ಸಾಲುಗಳನ್ನು ಎಕ್ಸೆಲ್‌ಗೆ ಇದೇ ಕ್ರಮದಲ್ಲಿ ತುಂಬಿ ಅಡ್ಡ ಬಾರ್ ಚಾರ್ಟ್ ಮಾಡಿದರೆ ಭದ್ರಾ ಎಲ್ಲಕ್ಕಿಂತ ಮೇಲೆ ಬರುತ್ತದೆ, ಲಿಂಗನಮಕ್ಕಿ ತಳ ಸೇರುತ್ತದೆ. ಕೋಷ್ಟಕ ಸರಿಯಾಗಿಯೇ ಇದೆ. ಚಾರ್ಟ್ ಅದನ್ನು ತಲೆಕೆಳಗು ಮಾಡಿದೆ.

ಇದರ ಹಿಂದೆ ಒಂದು ತರ್ಕವಿದೆ. ನಿಂತ ಕಂಬಗಳ ಚಾರ್ಟ್‌ನಲ್ಲಿ ಮೊದಲ ಹೆಸರು ಎಡಗಡೆಗೆ, ಎರಡೂ ಅಕ್ಷಗಳು ಕೂಡುವ ಮೂಲಬಿಂದುವಿನ ಪಕ್ಕಕ್ಕೆ ಬರುತ್ತದೆ. ಅಡ್ಡ ಚಾರ್ಟ್ ಎಂದರೆ ತಂತ್ರಾಂಶದ ಲೆಕ್ಕದಲ್ಲಿ ಅಕ್ಷಗಳ ಅದಲುಬದಲು ಮಾತ್ರ. ಮೂಲಬಿಂದು ಎಡಗಡೆಯ ಕೆಳಮೂಲೆಯಲ್ಲಿಯೇ ಉಳಿಯುವುದರಿಂದ ಮೊದಲ ಹೆಸರು ಅದರ ಪಕ್ಕದಲ್ಲಿ, ಅಂದರೆ ತಳದಲ್ಲಿ ನಿಲ್ಲುತ್ತದೆ. ರೇಖಾಗಣಿತಕ್ಕೆ ಇದು ಒಪ್ಪುತ್ತದೆ. ಆದರೆ ಜಲಾಶಯದ ಹೆಸರು ಸಂಖ್ಯೆಯಲ್ಲ, ಅದಕ್ಕೆ ಸೊನ್ನೆಯಿಂದ ಮೇಲಕ್ಕೆ ಬೆಳೆಯುವ ಅಗತ್ಯವಿಲ್ಲ. ಗಣಿತದ ಶಿಸ್ತಿನ ಹೆಸರಿನಲ್ಲಿ ಈ ಪೂರ್ವನಿಯೋಜಿತ ಕ್ರಮವನ್ನು ಸಮರ್ಥಿಸುವವರು ಮರೆಯುವುದು ಇದನ್ನೇ. ಹಳೆಯ ಪದ್ಧತಿಯೆಂಬ ಸಮರ್ಥನೆಯೂ ನಿಲ್ಲುವುದಿಲ್ಲ. ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಸ್ಕಾಟ್ಲೆಂಡಿನ ವ್ಯಾಪಾರದ ಬಾರ್ ಚಾರ್ಟ್‌ನಲ್ಲಿ ಅತಿ ದೊಡ್ಡ ವ್ಯಾಪಾರದ ಐರ್ಲೆಂಡ್ ತಳದಲ್ಲಿದೆ ನಿಜ. ಮೊದಲು ಬರೆದವನು ಹಾಗೆ ಬರೆದನೆಂಬುದರಿಂದ ಓದುವುದು ಸುಲಭವಾಗುವುದಿಲ್ಲ.

ಪರಿಹಾರ ಲಂಬ ಅಕ್ಷದಲ್ಲಿದೆ. ಹೆಸರುಗಳಿರುವ ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ `Format Axis` ತೆರೆದು `Categories in reverse order` ಎಂಬಲ್ಲಿ ಗುರುತು ಹಾಕಿದರೆ ಲಿಂಗನಮಕ್ಕಿ ಮೇಲಕ್ಕೆ ಬರುತ್ತದೆ. ಅದರ ಜೊತೆಗೇ ತಳದಲ್ಲಿದ್ದ 0, 20, 40 ಎಂಬ ಅಳತೆಯ ಅಂಕಿಗಳೂ ಚಾರ್ಟ್‌ನ ನೆತ್ತಿಗೆ ಜಿಗಿಯುತ್ತವೆ. ಅನೇಕರು ಇಲ್ಲಿಗೇ ಹೆದರಿ ಗುರುತು ತೆಗೆದುಬಿಡುತ್ತಾರೆ, ಈ ಆಯ್ಕೆಗೆ ಕೆಟ್ಟ ಹೆಸರು ಬಂದಿರುವುದೂ ಇದರಿಂದಲೇ. ಜಿಗಿತದ ಕಾರಣ ಸರಳ: ಅಳತೆಯ ಅಕ್ಷವು ಮೊದಲ ಹೆಸರಿನ ಅಂಚಿಗೆ ಅಂಟಿಕೊಂಡಿರುತ್ತದೆ, ಆ ಅಂಚು ಮೇಲಕ್ಕೆ ಹೋದಾಗ ಅದೂ ಹಿಂಬಾಲಿಸುತ್ತದೆ. ಅದೇ ಫಲಕದಲ್ಲಿ `Horizontal axis crosses` ಎಂಬುದರ ಕೆಳಗೆ `At maximum category` ಆರಿಸಿದರೆ ಅಕ್ಷವು ಕೊನೆಯ ಹೆಸರಿನ ಅಂಚಿಗೆ ಅಂಟಿ ತಳಕ್ಕೆ ಮರಳುತ್ತದೆ. ಐದೇ ಪಟ್ಟಿಗಳಿರುವ ಚಾರ್ಟ್‌ಗೆ ಅದೂ ಬೇಕಿಲ್ಲ. ಪ್ರತಿ ಪಟ್ಟಿಯ ತುದಿಯಲ್ಲಿ ಅದರ ಅಂಕಿಯನ್ನೇ ಬರೆದು ಅಳತೆಯ ಅಕ್ಷವನ್ನು ಅಳಿಸಿಬಿಡುವುದು ಹೆಚ್ಚು ಸ್ವಚ್ಛ.

ಈ ಗುರುತಿಗೆ ಪ್ರತಿಸ್ಪರ್ಧಿಯಾಗಿ ನಿಂತಿರುವುದು ಇನ್ನೊಂದು ಉಪಾಯ: ಅಕ್ಷವನ್ನು ಮುಟ್ಟದೆ ಕೋಷ್ಟಕವನ್ನೇ ಏರಿಕೆಯ ಕ್ರಮಕ್ಕೆ ಜೋಡಿಸುವುದು. ಒಂದೇ ಕ್ಲಿಕ್‌ನಲ್ಲಿ ಮುಗಿಯುತ್ತದೆಂದು ಇದಕ್ಕೆ ಜಾಣತನದ ಕೀರ್ತಿ ಸಿಕ್ಕಿದೆ. ಆ ಕೀರ್ತಿ ಅದಕ್ಕೆ ಸಲ್ಲುವುದಿಲ್ಲ. ವರದಿಯಲ್ಲಿ ಕೋಷ್ಟಕ ಮತ್ತು ಚಾರ್ಟ್ ಅಕ್ಕಪಕ್ಕ ಅಚ್ಚಾದಾಗ ಒಂದರಲ್ಲಿ ಭದ್ರಾ ಮೊದಲು, ಇನ್ನೊಂದರಲ್ಲಿ ಲಿಂಗನಮಕ್ಕಿ ಮೊದಲು ಎಂದಾಗುತ್ತದೆ. ಅಂಕಿ ಬದಲಾದಾಗ ತೊಡಕು ಇನ್ನೂ ಹೆಚ್ಚು. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ, ಆಲಮಟ್ಟಿಯ ಇಂದಿನ ಅಂಕಿಗಿಂತ ಹೆಚ್ಚು. ಹೂಳು ತುಂಬಿ ಅದು 105ಕ್ಕೆ ಇಳಿದಿದೆ. ಹಳೆಯ ಅಂಕಿಯನ್ನು ತಿದ್ದಿದವರು ಕೋಷ್ಟಕವನ್ನು ಮತ್ತೆ ಜೋಡಿಸಲೇಬೇಕು. ಆಗ ರೂಢಿಯಂತೆ ಇಳಿಕೆಯ ಕ್ರಮಕ್ಕೆ ಜೋಡಿಸಿದರೆ ಚಾರ್ಟ್ ಮತ್ತೆ ತಲೆಕೆಳಗು. ಅಕ್ಷವನ್ನು ತಿರುವಿಟ್ಟಿದ್ದರೆ ಎಷ್ಟು ಸಲ ಜೋಡಿಸಿದರೂ ಕೋಷ್ಟಕದ ಮೊದಲ ಸಾಲು ಮೇಲೆಯೇ ಉಳಿಯುತ್ತದೆ.

ಎರಡು ಪಟ್ಟಿಗಳ ಜೋಡಿ ಬಂದಾಗ ಕೋಷ್ಟಕ ತಿರುವುವ ಉಪಾಯ ಪೂರ್ತಿ ಸೋಲುತ್ತದೆ. ಪ್ರತಿ ಜಲಾಶಯಕ್ಕೂ ಮೊದಲು ಒಟ್ಟು ಸಾಮರ್ಥ್ಯ, ಆಮೇಲೆ ಇಂದಿನ ಸಂಗ್ರಹ ಎಂದು ಎರಡು ಕಾಲಂ ಇದ್ದರೆ, ಜೋಡಿಯ ಒಳಗೂ ಮೊದಲನೆಯದು ಕೆಳಗೇ ಬೀಳುತ್ತದೆ. ಸಾಲುಗಳನ್ನು ಎಷ್ಟು ಜೋಡಿಸಿದರೂ ಅದು ಸರಿಯಾಗುವುದಿಲ್ಲ. ಅಕ್ಷದ ಒಂದು ಗುರುತು ಹೊರಗಿನ ಕ್ರಮ, ಒಳಗಿನ ಕ್ರಮ ಎರಡನ್ನೂ ಒಟ್ಟಿಗೆ ಸರಿಪಡಿಸುತ್ತದೆ.

ಅಕ್ಷ ತಿರುವುವುದು ಜೋಡಿಸುವುದಲ್ಲ ಎಂಬುದನ್ನೂ ಹೇಳಬೇಕು. ಹೆಸರುಗಳು ಅಕಾರಾದಿಯಲ್ಲಿದ್ದರೆ ತಿರುವಿದ ಮೇಲೆ ಆಲಮಟ್ಟಿ ಮೇಲೆ, ಸೂಪಾ ಕೆಳಗೆ ಬರುತ್ತವೆ, ಶ್ರೇಣಿ ಹುಟ್ಟುವುದಿಲ್ಲ. ಮೊದಲು ಅಂಕಿಯ ಕಾಲಂ ಇಳಿಕೆಗೆ, ಆಮೇಲೆ ಅಕ್ಷ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿಯೂ ಇದೇ ಕತೆ:

```python
ax.barh(names, tmc)
ax.invert_yaxis()
```

ಇಲ್ಲಿ ಅಳತೆಯ ಅಂಕಿಗಳು ಜಿಗಿಯುವುದಿಲ್ಲ, ತಳದಲ್ಲಿಯೇ ಇರುತ್ತವೆ. ಆದರೆ ಈ ಆಜ್ಞೆ ಇದ್ದ ದಿಕ್ಕನ್ನು ಉಲ್ಟಾ ಮಾಡುತ್ತದೆಯೇ ಹೊರತು ಒಂದು ದಿಕ್ಕನ್ನು ನಿಗದಿ ಮಾಡುವುದಿಲ್ಲ. `sharey=True` ಎಂದು ಲಂಬ ಅಕ್ಷ ಹಂಚಿಕೊಂಡ ಎರಡು ಚಾರ್ಟ್‌ಗಳಲ್ಲಿ ಪ್ರತಿಯೊಂದಕ್ಕೂ ಇದನ್ನು ಬರೆದರೆ ಎರಡನೆಯದು ಮೊದಲನೆಯದನ್ನು ರದ್ದು ಮಾಡಿ, ಭದ್ರಾ ಮತ್ತೆ ಮೇಲೆ ಕಾಣುತ್ತದೆ. ಒಂದಕ್ಕೆ ಮಾತ್ರ ಬರೆದರೆ ಸಾಕು.

ತಿರುವಬಾರದ ಚಾರ್ಟ್‌ಗಳೂ ಇವೆ. ಜನಗಣತಿಯ ವಯೋಮಾನದ ಪಿರಮಿಡ್‌ನಲ್ಲಿ ಮಕ್ಕಳು ತಳದಲ್ಲಿ, ಹಿರಿಯರು ಮೇಲಿರುವುದೇ ಸರಿ. ಅಲ್ಲಿ ವಯಸ್ಸು ನಿಜಕ್ಕೂ ಸೊನ್ನೆಯಿಂದ ಮೇಲೇರುವ ಸಂಖ್ಯೆ, ಶ್ರೇಣಿಯಲ್ಲ.

ತಲೆಕೆಳಗಾದ ಕ್ರಮಕ್ಕಿಂತ ದೊಡ್ಡ ಅಪಾಯ ತಿರುವಿದ ಚಾರ್ಟ್ ತಪ್ಪು ಶ್ರೇಣಿಗೆ ಕೊಡುವ ಮೆರುಗು. ದಿನಪತ್ರಿಕೆಯ ಅಂಕಿಗಳಲ್ಲಿ ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಭದ್ರಾದ್ದು 186 ಅಡಿ. ಇವನ್ನೇ ಪಟ್ಟಿಗಳಾಗಿಸಿ ದೊಡ್ಡದನ್ನು ಮೇಲಿಟ್ಟರೆ ಒಂದು ಇನ್ನೊಂದರ ಹತ್ತು ಪಟ್ಟು ಎಂಬಂತೆ ಕಾಣುತ್ತದೆ. ಆದರೆ 1,819 ಸಮುದ್ರಮಟ್ಟದಿಂದ ಅಳೆದದ್ದು, 186 ಅಣೆಕಟ್ಟಿನ ಬುಡದಿಂದ ಅಳೆದದ್ದು. ಭದ್ರೆಯನ್ನೂ ಸಮುದ್ರಮಟ್ಟದಿಂದ ಅಳೆದರೆ ಸುಮಾರು 2,158 ಅಡಿ ಬರುತ್ತದೆ, ಆಗ ಮೇಲಿನ ಸ್ಥಾನ ಭದ್ರೆಯದು. ಆದ್ದರಿಂದ ಶ್ರೇಣಿ ಕಟ್ಟುವವರು ಅಡಿಯ ಅಂಕಿಯನ್ನು ಬಿಟ್ಟು ಟಿಎಂಸಿಯನ್ನು ಹಿಡಿಯಬೇಕು, ಅಕ್ಷದ ದಿಕ್ಕಿನ ಪ್ರಶ್ನೆ ಅದಾದ ಮೇಲಿನದು.