ಮಳೆಗಾಲದ ಫಿಲಮೆಂಟ್

ತ್ರೀಡಿ ಪ್ರಿಂಟರಿನ ಕೈಪಿಡಿಯೊಂದನ್ನು ಚಿಕ್ಕಜಾಲದ ನಮ್ಮ ಮನೆಯಲ್ಲಿ ಕುಳಿತು ಕನ್ನಡಕ್ಕೆ ತರುತ್ತಿದ್ದೇನೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಬಂದ ಮೇಲೆ ಆರನೇ ತರಗತಿಯ ಮಕ್ಕಳ ಕೈಗೂ ಈ ಯಂತ್ರ ಸಿಕ್ಕಿದೆ. ಕನ್ನಡ ಮಾಧ್ಯಮದ ಆ ಮಕ್ಕಳಿಗಾಗಿಯೇ ಈ ಕೆಲಸ.

ಬೆಡ್ ಲೆವೆಲಿಂಗ್ ಅಧ್ಯಾಯ ಸಲೀಸಾಗಿ ಮುಗಿಯಿತು. ಬೆಡ್ 60 ಡಿಗ್ರಿಗೆ ಕಾದ ಮೇಲೆಯೇ ನೋಡಬೇಕು, ಏಕೆಂದರೆ ಕಾದಾಗ ಅದು ಹಿಗ್ಗುತ್ತದೆ. ನಾಲ್ಕು ಮೂಲೆಯಲ್ಲೂ ನಾಝಲ್ ಕೆಳಗಿಟ್ಟ ಜೆರಾಕ್ಸ್ ಹಾಳೆ ತುಸು ಉಜ್ಜಿಕೊಂಡು ಜಾರಬೇಕು. ಇದು ಯಾವ ಊರಿಗಾದರೂ ಒಂದೇ. ನನ್ನನ್ನು ತಡೆದು ನಿಲ್ಲಿಸಿದ್ದು ಪ್ರಿಂಟ್ ದೋಷಗಳ ಪಟ್ಟಿ.

ಎರಡು ಕಂಬಗಳ ನಡುವೆ ಜೇಡರ ಬಲೆಯಂತೆ ಎಳೆ ಬಂದರೆ ನಾಝಲ್ ಉಷ್ಣತೆ ಇಳಿಸಿ ಎನ್ನುತ್ತದೆ ಮೂಲ. ಸುಳ್ಳಲ್ಲ. ಆದರೆ ಅದು ಒಣ ಹವೆಯ ಕೋಣೆಯನ್ನು ಮನಸ್ಸಿನಲ್ಲಿಟ್ಟು ಬರೆದ ಮಾತು. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಯ ಕಾಲ; ತೆರೆದಿಟ್ಟ ಪಿಎಲ್ಎ ಸುರುಳಿ ಗಾಳಿಯ ತೇವವನ್ನು ಹೀರಿಕೊಂಡು ಕೂತಿರುತ್ತದೆ. 200 ಡಿಗ್ರಿಯ ನಾಝಲ್ ಒಳಗೆ ಆ ನೀರು ಆವಿಯಾಗಿ ಪ್ಲಾಸ್ಟಿಕ್ಕನ್ನು ಹೊರಗೆ ತಳ್ಳುತ್ತದೆ. ಆಗಲೂ ಬರುವುದು ಅದೇ ಎಳೆ.

ಪುಸ್ತಕದ ಮಾತು ನಂಬಿದ ಹುಡುಗ 210ರಿಂದ 190ಕ್ಕೆ ಇಳಿಸುತ್ತಾನೆ ಅನ್ನಿ. ಎಳೆ ಕಡಿಮೆಯಾಗುತ್ತದೆ, ಅವನಿಗೆ ಖುಷಿ. ಕಂಬವನ್ನು ಬೆರಳಲ್ಲಿ ಬಗ್ಗಿಸಿದರೆ ಮಾತ್ರ ಪದರದ ಗುಂಟ ಲಟಕ್ಕನೆ ಮುರಿಯುತ್ತದೆ. ಮೇಲಿನ ಪದರ ಕೆಳಗಿನದನ್ನು ಕರಗಿಸಿ ಬೆಸೆದುಕೊಳ್ಳುವಷ್ಟು ಬಿಸಿ ಉಳಿದಿಲ್ಲ. ಒಂದು ದೋಷ ಮುಚ್ಚಲು ಹೋಗಿ ಅದಕ್ಕಿಂತ ಕೆಟ್ಟದ್ದನ್ನು ತಂದುಕೊಂಡಂತಾಯಿತು.

ಹಾಗಾಗಿ ಕನ್ನಡದ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಒಂದು ಪರೀಕ್ಷೆ. ನಾಝಲನ್ನು ಬೆಡ್‌ನಿಂದ ಮೇಲೆತ್ತಿ, ಗಾಳಿಯಲ್ಲೇ ಒಂದಿಷ್ಟು ಫಿಲಮೆಂಟ್ ಬಿಡಿ. ಚಟಪಟ ಸದ್ದು ಕೇಳಿ, ಎಳೆಯಲ್ಲಿ ಗುಳ್ಳೆ ಕಂಡು ಮೈ ಒರಟಾಗಿದ್ದರೆ ತೇವವೇ ಕಾರಣ. ಸದ್ದಿಲ್ಲದೆ ನಯವಾಗಿ ಇಳಿದು, ಪ್ರಿಂಟಿನಲ್ಲಿ ಇನ್ನೂ ಎಳೆ ಬರುತ್ತಿದ್ದರೆ ಆಗ ಐದೈದು ಡಿಗ್ರಿಯಂತೆ ಇಳಿಸುತ್ತ ಹೋಗಿ.

ತೇವವಾದರೆ 45 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಬೇಕು. ಬೇಗ ಆಗಲೆಂದು ಬಿಸಿ ಏರಿಸಬಾರದು; 60ರ ಹತ್ತಿರ ಪಿಎಲ್ಎ ಮೆತ್ತಗಾಗಿ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಡುಗೆಮನೆಯ ಓವನ್ ಬೇಡವೆನ್ನುವುದು ಇದಕ್ಕೇ: ಇಷ್ಟು ಕಡಿಮೆ ಬಿಸಿಯನ್ನು ಅದು ಒಂದೇ ಸಮ ಹಿಡಿದಿಡುವುದಿಲ್ಲ. ಒಣಗಿದ ಸುರುಳಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಣಗಿಸಿದ ಮೇಲೂ ಕೈಯಲ್ಲಿ ಬಾಗಿಸಿದರೆ ಪಟ್ಟನೆ ತುಂಡಾಗುವ ಫಿಲಮೆಂಟನ್ನು ಪಕ್ಕಕ್ಕಿಡುವುದೇ ಸರಿ.