ಒಪ್ಪದ ಒಂದು ಮಾತು

ಪರಿಷ್ಕರಿಸಿದ ಲೇಖನದೊಂದಿಗೆ ಪರಿಶೀಲಕರಿಗೆ ಬರೆದ ಉತ್ತರದಲ್ಲಿ ಆರು ಸಲಹೆಗಳನ್ನು ಒಪ್ಪಿದ್ದೆ. ಏಳನೆಯದು, ‘ಕವಿರಾಜಮಾರ್ಗ’ದ ಕರ್ತೃವನ್ನು ಶ್ರೀವಿಜಯನ ಬದಲು ನೃಪತುಂಗನೆಂದು ತಿದ್ದಬೇಕೆನ್ನುತ್ತಿತ್ತು. ‘ಇದು ತಪ್ಪು’ ಎಂದಷ್ಟೇ ಇದ್ದ ಮೊದಲ ಕರಡನ್ನು ಈಗ ಓದಿದರೆ ಅದರಲ್ಲಿ ಸಿಟ್ಟಿದೆ, ಆಧಾರವಿಲ್ಲ.

ಎರಡನೆಯ ಕರಡಿನಲ್ಲಿ ಅವರ ಮಾತನ್ನು ಪೂರ್ತಿ ಉದ್ಧರಿಸಿ, ಕೃತಿಯೇ ತನ್ನನ್ನು ನೃಪತುಂಗನಿಗೆ ‘ಅನುಮತ’ ಎಂದು ಕರೆದುಕೊಳ್ಳುವುದನ್ನು ತೋರಿಸಿದೆ. ಅರಸ ಒಪ್ಪಿದ್ದು ಬೇರೆ, ಬರೆದದ್ದು ಬೇರೆ. ಆದರೆ ಬರೆದವನು ಶ್ರೀವಿಜಯನೇ ಎಂಬುದನ್ನು ಆ ಪದವೊಂದೇ ಸಾಬೀತು ಮಾಡುವುದಿಲ್ಲ. ಪರಿಶೀಲಕರ ಅನುಮಾನಕ್ಕೆ ಅಷ್ಟರಮಟ್ಟಿಗೆ ನ್ಯಾಯವಿತ್ತು. ಹಾಗಾಗಿ ಹೆಸರನ್ನು ಉಳಿಸಿಕೊಂಡು, ‘ನಿಸ್ಸಂಶಯವಾಗಿ’ ಎಂಬ ನನ್ನ ಪದವನ್ನು ತೆಗೆದು, ನೃಪತುಂಗನ ಪರವಾದ ವಾದವನ್ನು ಅಡಿಟಿಪ್ಪಣಿಗೆ ಸೇರಿಸಿದೆ. ಪತ್ರದಲ್ಲಿ ಆ ಪುಟಸಂಖ್ಯೆ ಕೊಟ್ಟೆ.

ಭಿನ್ನಾಭಿಪ್ರಾಯ ಉಳಿದೇ ಇದೆ. ಆದರೆ ಸಂಪಾದಕರು ಈಗ ಎರಡೂ ವಾದಗಳನ್ನು ತೂಗಿ ನೋಡಬಹುದು.