ಐದನೇ ಒಂದರ ಮೋಹ

ವಿದ್ಯಾರ್ಥಿಗಳಿಗಾಗಿ ಬರೆದ ವಿಜ್ಞಾನ ವಿಡಿಯೊ ಸ್ಕ್ರಿಪ್ಟುಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಮೂರು ಗುಣಗಳನ್ನು ಎತ್ತಿ ಹೇಳುತ್ತಾರೆ. ಮೊದಲಲ್ಲೇ ಸುರಕ್ಷತೆಯ ಎಚ್ಚರಿಕೆ ಇದೆ, ಬೇಕಾದ ಸಾಮಗ್ರಿಗಳ ಪಟ್ಟಿ ಇದೆ, ನಡುನಡುವೆ 'ಈಗ ಗಮನಿಸಿ' ಎಂದು ನಿಲ್ಲಿಸುವ ವಿರಾಮ ಇದೆ. ಈ ಮೂರೂ ಸೇರಿದರೆ ಮಗು ನೋಡುಗನ ಜಾಗದಿಂದ ಎದ್ದು ಪ್ರಯೋಗಕ್ಕೆ ಕೈಹಾಕುತ್ತದೆ ಎಂಬುದು ಅವರ ಭರವಸೆ. ಈ ಹೊಗಳಿಕೆ ಅತಿಯಾಯಿತು ಎಂದು ನನ್ನ ತಕರಾರು. ಮೂರನ್ನೂ ಚಾಚೂ ತಪ್ಪದೆ ಪಾಲಿಸಿದ ಸ್ಕ್ರಿಪ್ಟೊಂದು ಮಗುವಿನ ಕಣ್ಣೆದುರು ನಡೆದದ್ದನ್ನೇ ಮಗುವಿಗೆ ಕಾಣದಂತೆ ಮಾಡಬಲ್ಲದು. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೊಂದಿದೆ: ತಟ್ಟೆಯ ನೀರಿನಲ್ಲಿ ನಿಲ್ಲಿಸಿದ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚುವ ಪ್ರಯೋಗ. ಅದರ ಸ್ಕ್ರಿಪ್ಟು ಯಾವ ಭಾಷೆಯಲ್ಲಿ, ಯಾವ ಚಾನೆಲ್ಲಿಗಾಗಿ ಬರೆದದ್ದಾದರೂ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಆದ್ದರಿಂದ ಯಾರೊಬ್ಬರ ಹೆಸರನ್ನೂ ಎಳೆದು ತರದೆ ಆ ಅಚ್ಚನ್ನೇ ವಿಮರ್ಶೆಗೆ ತೆಗೆದುಕೊಳ್ಳಬಹುದು.

ಅಚ್ಚು ಹೀಗಿದೆ. ಹಿರಿಯರ ಸಮ್ಮುಖದಲ್ಲಿ ಮಾಡಿ, ಬೆಂಕಿಯ ಹತ್ತಿರ ಜಾಗ್ರತೆ, ಲೋಟ ಬಿಸಿಯಾಗಿರುತ್ತದೆ, ಮುಟ್ಟಬೇಡಿ. ಬೇಕಾದದ್ದು ಒಂದು ತಟ್ಟೆ, ಒಂದು ಮೇಣದಬತ್ತಿ, ಒಂದು ಲೋಟ, ಬಣ್ಣ ಬೆರೆಸಿದ ನೀರು, ಬೆಂಕಿಪೊಟ್ಟಣ. ಬತ್ತಿ ಹಚ್ಚಿ ಲೋಟ ಕವುಚುತ್ತಾರೆ, ಜ್ವಾಲೆ ಕುಗ್ಗಿ ಆರುತ್ತದೆ, ನೀರು ಸರ್ರನೆ ಲೋಟದೊಳಗೆ ಏರುತ್ತದೆ. ಇಲ್ಲಿ ವಿರಾಮ, ಹಿನ್ನೆಲೆಯಲ್ಲಿ ಸಂಗೀತ, ಪರದೆಯ ಮೇಲೆ ಪ್ರಶ್ನೆ: ನೀರು ಎಷ್ಟು ಏರಿತು? ಸುಮಾರು ಐದನೇ ಒಂದು ಭಾಗ. ಗಾಳಿಯಲ್ಲಿ ಆಕ್ಸಿಜನ್ ಎಷ್ಟು? ಅದೂ ಐದನೇ ಒಂದು ಭಾಗ. ಬತ್ತಿ ಆಕ್ಸಿಜನ್ನನ್ನು ತಿಂದು ಮುಗಿಸಿತು, ಖಾಲಿಯಾದ ಜಾಗಕ್ಕೆ ನೀರು ಬಂತು. ಕೇಳುವುದಕ್ಕೆ ಸೊಗಸಾಗಿದೆ, ನೆನಪಿನಲ್ಲಿ ಉಳಿಯುತ್ತದೆ, ಆದರೆ ತಪ್ಪು.

ತಪ್ಪು ಎಲ್ಲಿದೆ ಎಂದು ತಿಳಿಯಲು ಬೇರೆ ಉಪಕರಣ ಬೇಡ. ಸ್ಕ್ರಿಪ್ಟು ಬೇಡವೆಂದು ಬಿಟ್ಟ ಕೆಲವು ಕ್ಷಣಗಳನ್ನು ನೋಡಿದರೆ ಸಾಕು. ನೀರು ಏರುವುದಕ್ಕೆ ಆಕ್ಸಿಜನ್ ಖರ್ಚಾದದ್ದೇ ಕಾರಣವಾಗಿದ್ದರೆ ಬತ್ತಿ ಉರಿಯುವ ಹೊತ್ತಿನುದ್ದಕ್ಕೂ ನೀರು ನಿಧಾನವಾಗಿ ಮೇಲೇರಬೇಕಿತ್ತು, ಜ್ವಾಲೆ ಆರಿದ ಕೂಡಲೇ ನಿಲ್ಲಬೇಕಿತ್ತು. ನಡೆಯುವುದು ಇದರ ತಿರುಗುಮುರುಗು. ಉರಿಯುವಷ್ಟು ಹೊತ್ತು ನೀರಿನ ಮಟ್ಟ ಅಷ್ಟಾಗಿ ಕದಲುವುದಿಲ್ಲ. ಲೋಟವನ್ನು ಬೇಗನೆ ಕವುಚಿದ್ದರೆ ಅಂಚಿನ ಕೆಳಗಿಂದ ಗುಳ್ಳೆಗಳು ಹೊರಗೆ ಹೋಗುವುದೂ ಕಾಣುತ್ತದೆ. ಏರಿಕೆಯ ಬಹುಪಾಲು ಜ್ವಾಲೆ ಕುಗ್ಗಿ ಆರಿದ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಜ್ವಾಲೆ ಒಳಗಿನ ಗಾಳಿಯನ್ನು ಕಾಯಿಸಿ ಹಿಗ್ಗಿಸಿತ್ತು, ಅದರಲ್ಲೊಂದಿಷ್ಟು ಆಚೆ ಹೋಗಿತ್ತು. ಜ್ವಾಲೆ ಆರಿದೊಡನೆ ಉಳಿದ ಗಾಳಿ ತಣ್ಣಗಾಗಿ ಕುಗ್ಗಿತು, ನೀರಾವಿ ಹನಿಯಾಯಿತು, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ನೂಕಿತು. ಲೋಟವನ್ನು ಬತ್ತಿಯ ಮೇಲೆ ತುಸು ಹೊತ್ತು ಹಿಡಿದು ಮೆಲ್ಲಗೆ ಇಳಿಸಿದರೆ ಗುಳ್ಳೆ ಕಾಣದೆ ಹೋಗಬಹುದು, ಏಕೆಂದರೆ ಆಗ ಲೋಟ ನೀರು ಮುಟ್ಟುವ ಮೊದಲೇ ಅದರೊಳಗೆ ಬಿಸಿಗಾಳಿ ತುಂಬಿಕೊಂಡಿರುತ್ತದೆ. ಗುಳ್ಳೆ ಬರಲಿಲ್ಲವೆಂದು ಹಳೆಯ ವಿವರಣೆಗೆ ಮರಳುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಲೆಕ್ಕವನ್ನೂ ಹಾಕಿ ನೋಡೋಣ. 300 ಮಿಲಿಲೀಟರಿನ ಲೋಟವೆಂದುಕೊಂಡರೆ ಅದರ ಗಾಳಿಯಲ್ಲಿ ಆಕ್ಸಿಜನ್ ಸುಮಾರು 60 ಮಿಲಿಲೀಟರು. ಮೇಣದಬತ್ತಿ ಅದನ್ನೆಲ್ಲ ಬಳಸುವುದಿಲ್ಲ. ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 21ರಿಂದ ಸುಮಾರು 16ಕ್ಕೆ ಇಳಿಯುತ್ತಲೇ ಆರಿಹೋಗುತ್ತದೆ. ಅಂದರೆ ಖರ್ಚಾದದ್ದು 15 ಮಿಲಿಲೀಟರಿನಷ್ಟು. ಅದೂ ಮಾಯವಾಗಲಿಲ್ಲ. ಮೇಣ ಉರಿದಾಗ ಮೂರು ಪಾಲು ಆಕ್ಸಿಜನ್ನಿಗೆ ಪ್ರತಿಯಾಗಿ ಸುಮಾರು ಎರಡು ಪಾಲು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ಅಷ್ಟು ಅಲ್ಪ ಹೊತ್ತಿನಲ್ಲಿ ಅದು ನೀರಿನಲ್ಲಿ ಹೆಚ್ಚೇನೂ ಕರಗುವುದಿಲ್ಲ. ಹೋದದ್ದು 15, ಬಂದದ್ದು 10, ನಿಜವಾದ ನಷ್ಟ 5 ಮಿಲಿಲೀಟರು. ಒಂದು ಚಮಚದಷ್ಟು ನೀರು! ಇನ್ನೊಂದು ಕಡೆ, ಕವುಚುವಾಗ ಒಳಗಿನ ಗಾಳಿ ಸರಾಸರಿ 100 ಡಿಗ್ರಿಯಷ್ಟು ಬಿಸಿಯಾಗಿದ್ದು ಆಮೇಲೆ ಕೋಣೆಯ 27 ಡಿಗ್ರಿಗೆ ಇಳಿದರೆ, ಆ ಒಂದೇ ಕಾರಣಕ್ಕೆ ಅದು ಐದನೇ ಒಂದು ಭಾಗ ಕುಗ್ಗುತ್ತದೆ. ಇದು ಕಾಕತಾಳೀಯ. ಬತ್ತಿಯ ಗಾತ್ರವೋ ಕೈಯ ವೇಗವೋ ಸ್ವಲ್ಪ ಬದಲಾದರೆ ಐದನೇ ಒಂದು ಹೋಗಿ ನಾಲ್ಕನೇ ಒಂದೋ ಹತ್ತನೇ ಒಂದೋ ಆಗುತ್ತದೆ. ಸ್ಕ್ರಿಪ್ಟು 'ಸುಮಾರು' ಎಂಬ ಪದವನ್ನು ಅಷ್ಟು ಉದಾರವಾಗಿ ಬಳಸುವುದು ಇದಕ್ಕೇ.

ಈಗ ಎಚ್ಚರಿಕೆಯ ಸಾಲುಗಳತ್ತ ಬರೋಣ. ವಿಮರ್ಶಕರು ಓದದೆ ಗುರುತು ಹಾಕಿ ಮುಂದೆ ಹೋಗುವ ಭಾಗ ಇದು. ಲೋಟ ಬಿಸಿಯಾಗಿರುತ್ತದೆ, ಮುಟ್ಟಬೇಡಿ ಎಂದು ಮೊದಲ ಪುಟ ಹೇಳುತ್ತದೆ. ಲೋಟ ಬಿಸಿಯಾದರೆ ಅದರೊಳಗಿನ ಗಾಳಿಯೂ ಬಿಸಿಯಾಗಿರಲೇಬೇಕು. ಅಂದರೆ ಸರಿಯಾದ ವಿವರಣೆಯ ಮುಖ್ಯ ಸುಳಿವು ಸುರಕ್ಷತೆಯ ಪುಟದಲ್ಲೇ ಇತ್ತು, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸ್ಕ್ರಿಪ್ಟು ಅದನ್ನು ಪೂರಾ ಮರೆತಿದೆ. ಎಚ್ಚರಿಕೆ ಒಬ್ಬರು, ಪಟ್ಟಿ ಇನ್ನೊಬ್ಬರು, ವಿವರಣೆ ಮತ್ತೊಬ್ಬರು ಬರೆದು ಯಾರೂ ಯಾರದ್ದನ್ನೂ ಓದದೆ ಹೊಲಿದಂತಿದೆ. ಎಚ್ಚರಿಕೆಯಾದರೂ ಎಚ್ಚರಿಕೆಯಾಗಿ ನೆಟ್ಟಗಿದೆಯೇ? ಹಿರಿಯರ ಸಮ್ಮುಖದಲ್ಲಿ ಎಂಬ ಮಾತು ವಿಡಿಯೊ ಮಾಡಿದವರನ್ನು ಕಾಯುತ್ತದೆ, ಮಗುವನ್ನಲ್ಲ. ಈ ಪ್ರಯೋಗದ ಅಪಾಯ ಇರುವುದು ಜ್ವಾಲೆ ಆರಿದ ಮೇಲೆ: ಬೆಂಕಿ ಹೋಯಿತಲ್ಲ ಎಂದು ಮಗು ಕೈ ಚಾಚಿ ಕವುಚಿದ ಲೋಟದ ತಲೆಯನ್ನೇ ಹಿಡಿಯುತ್ತದೆ, ಜ್ವಾಲೆ ತಾಗುತ್ತಿದ್ದ ಜಾಗ ಅದೇ. ಬತ್ತಿ ಎತ್ತರವಾಗಿದ್ದು ಲೋಟ ತೆಳುವಾಗಿದ್ದರೆ ಗಾಜು ಬಿರುಕು ಬಿಡುವುದೂ ಉಂಟು. ಬತ್ತಿ ಲೋಟದ ಅರ್ಧ ಎತ್ತರ ಮೀರಬಾರದು, ಜಡೆ ಮತ್ತು ದುಪಟ್ಟಾ ಹಿಂದೆ ಕಟ್ಟಿರಬೇಕು, ಆರಿದ ಮೇಲೆ ಒಂದೆರಡು ನಿಮಿಷ ಲೋಟ ಮುಟ್ಟಬಾರದು ಎಂಬ ಮೂರು ಮಾತು, ಅವು ಬೇಕಾದ ಕ್ಷಣದಲ್ಲೇ ಬಂದರೆ, ಮೊದಲ ಪುಟದ ಅಷ್ಟೂ ಉಪದೇಶಕ್ಕಿಂತ ಮೇಲು.

ವಿರಾಮದ ಕಥೆ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಹೊಗಳಿಕೆಯ ಮುಕ್ಕಾಲು ಪಾಲು ವಿರಾಮಕ್ಕೇ ಸಲ್ಲುತ್ತಿದೆ. ವಿಡಿಯೊಗಳಿಗೆ ಅಂಕ ಹಾಕುವವರು ವಿರಾಮ ಎಷ್ಟಿವೆ ಎಂದು ಎಣಿಸುತ್ತಾರೆ, ಎಲ್ಲಿವೆ ಎಂದು ಕೇಳುವುದಿಲ್ಲ. ಮೇಣದಬತ್ತಿಯ ಸ್ಕ್ರಿಪ್ಟಿನಲ್ಲಿ ವಿರಾಮ ಬರುವುದು ನೀರು ಏರಿ ನಿಂತ ಮೇಲೆ. ನೋಡಬೇಕಾದದ್ದೆಲ್ಲ ಅಷ್ಟರಲ್ಲಿ ನಡೆದುಹೋಗಿರುತ್ತದೆ, ಮಗುವಿಗೆ ಉಳಿಯುವುದು ಅಳತೆಯೊಂದೇ, ಆ ಅಳತೆಯ ಉತ್ತರ ನಿರೂಪಕನ ಬಾಯಲ್ಲಿ ಆಗಲೇ ಸಿದ್ಧವಾಗಿರುತ್ತದೆ. ವಿರಾಮ ಇರಬೇಕಾದ ಜಾಗ ಲೋಟ ಕವುಚುವ ಮುಂಚೆ. 'ವಿಡಿಯೊ ನಿಲ್ಲಿಸಿ, ಫೋನು ಕೆಳಗಿಡಿ. ಲೋಟ ಕವುಚಿದ ಕೂಡಲೇ ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಜ್ವಾಲೆ ಆರಿದ ಕ್ಷಣ ನೀರು ಗೆರೆಯಿಂದ ಎಷ್ಟು ಮೇಲಿತ್ತು, ಆಮೇಲೆ ಎಷ್ಟು ಏರಿತು, ಬರೆದುಕೊಂಡು ಬನ್ನಿ' ಎಂದರೆ ಅದು ವಿರಾಮ. ಐದು ಸೆಕೆಂಡು ಎಣಿಸುವ ಗಡಿಯಾರದ ಚಿತ್ರ ವಿರಾಮವಲ್ಲ. ಫೋನು ನೋಡುವ ಕಣ್ಣು ಲೋಟವನ್ನೂ ನೋಡಲಾರದು. ಹಾಗೆ ನಿಲ್ಲಿಸಬೇಕಾದರೆ ಪಟ್ಟಿಗೆ ಒಂದು ಮಾರ್ಕರ್ ಪೆನ್ನು ಸೇರಬೇಕು. ಅದಿಲ್ಲದ ಪಟ್ಟಿ ನೋಡಿದರೆ ಅಳೆಯುವ ಉದ್ದೇಶವೇ ಇರಲಿಲ್ಲ ಎಂದು ಹೇಳಬಹುದು.

ಪಟ್ಟಿಗೆ ಇನ್ನೂ ಎರಡು ಮೇಣದಬತ್ತಿ ಸೇರಬೇಕಿತ್ತು. ಅದೇ ಲೋಟ, ಅದೇ ನೀರು, ಈ ಸಲ ಒಂದರ ಬದಲು ಮೂರು ಬತ್ತಿ. ಲೋಟದ ಗಾಳಿ ಅಷ್ಟೇ, ಅದರ ಆಕ್ಸಿಜನ್ ಅಷ್ಟೇ, ಆದರೆ ನೀರು ಹೆಚ್ಚು ಏರುತ್ತದೆ. ಹಳೆಯ ವಿವರಣೆಯ ವಕೀಲರು ಮೂರು ಬತ್ತಿಗಳು ಆಕ್ಸಿಜನ್ನನ್ನು ಹೆಚ್ಚು ಪೂರ್ತಿಯಾಗಿ ಬಳಸುತ್ತವೆ ಎಂದು ವಾದಿಸಬಹುದು. ಹಾಗಾದರೆ ಒಂದೇ ಬತ್ತಿ ಅದನ್ನು ಪೂರ್ತಿ ಬಳಸಿರಲಿಲ್ಲ ಎಂದು ಅವರೇ ಒಪ್ಪಿಕೊಂಡಂತಾಯಿತು, ಐದನೇ ಒಂದು ಅಲ್ಲಿಗೇ ಬಿತ್ತು.

ಇಲ್ಲಿ ಎರಡು ಗುಂಪುಗಳಿಗೆ ಉತ್ತರ ಕೊಡಬೇಕಿದೆ. ಮಕ್ಕಳಿಗೆ ಸರಳ ಮಾಡಿ ಹೇಳಿದ್ದೇವೆ, ಉಷ್ಣತೆ ಮುಂದಿನ ತರಗತಿಗೆ ಬರುತ್ತದೆ ಎನ್ನುವವರದು ಒಂದು ಗುಂಪು. ಸರಳಗೊಳಿಸುವುದೆಂದರೆ ಕೆಲವನ್ನು ಬಿಟ್ಟು ಹೇಳುವುದು. ಇಲ್ಲಿ ಇಲ್ಲದ ಅಳತೆಯೊಂದನ್ನು ಸೇರಿಸಲಾಗಿದೆ. ಮುಚ್ಚಿದ ಗಾಳಿಯಲ್ಲಿ ಬತ್ತಿ ಬಹಳ ಹೊತ್ತು ಉರಿಯದು ಎಂದಷ್ಟೇ ಹೇಳಿ ನಿಲ್ಲಿಸಿದ್ದರೆ ಅದು ಸರಳವೂ ಆಗಿರುತ್ತಿತ್ತು, ನಿಜವೂ ಆಗಿರುತ್ತಿತ್ತು. ಬಿಸಿಗಾಳಿ ಹಿಗ್ಗುತ್ತದೆ ಎಂಬುದು ಆಕ್ಸಿಜನ್ನಿನ ಶೇಕಡಾವಾರಿಗಿಂತ ಕಷ್ಟದ ವಿಷಯವೂ ಅಲ್ಲ. ಇನ್ನೊಂದು ಗುಂಪು ಈ ಬಗೆಯ ವಿಡಿಯೊಗಳನ್ನೇ ಸಾರಾಸಗಟಾಗಿ ತಳ್ಳಿಹಾಕುತ್ತದೆ: ಪರದೆಯ ಮೇಲಿನದು ಪ್ರಯೋಗವೇ ಅಲ್ಲ, ಮೇಷ್ಟ್ರು ಎದುರು ನಿಂತು ಮಾಡಿಸಬೇಕು. ಈ ಜನ ಕೇಳುವುದಕ್ಕೆ ಗಂಭೀರ, ಆದರೆ ಇವರ ವಾದ ಸೋಮಾರಿಯದು. ಇದೇ ತಪ್ಪು ವಿವರಣೆ ಪರದೆ ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ತರಗತಿಯ ಮೇಜಿನ ಮೇಲೆ ನಡೆದುಕೊಂಡು ಬಂದಿದೆ. ಅದಕ್ಕೆ ಕಾರಣ ಮಾಧ್ಯಮವಾಗಿದ್ದರೆ ಮೇಜಿನ ಮೇಲೆ ಅದು ಬದುಕಬಾರದಿತ್ತು. ವಿಡಿಯೊಕ್ಕಾದರೆ ಮೇಷ್ಟ್ರಿಗಿಲ್ಲದ ಅನುಕೂಲವೊಂದಿದೆ, ಆರಿದ ನಂತರದ ಆ ಕೆಲವು ಸೆಕೆಂಡುಗಳನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಬಹುದು. ಆ ಅನುಕೂಲ ಕೈಯಲ್ಲಿದ್ದೂ ಸ್ಕ್ರಿಪ್ಟು ಬಳಸಲಿಲ್ಲ ಎಂಬುದು ನನ್ನ ಆಕ್ಷೇಪ, ಪರದೆಯ ಮೇಲಲ್ಲ.

ಗಾಳಿಯ ಐದನೇ ಒಂದು ಭಾಗವನ್ನು ನಿಜವಾಗಿಯೂ ತೋರಿಸಲೇಬೇಕೆಂದರೆ ದಾರಿ ಇದೆ. ರಸಾಯನಶಾಸ್ತ್ರಜ್ಞ ಲವ್ವಾಸಿಯೆ 18ನೇ ಶತಮಾನದಲ್ಲಿ ಪಾದರಸವನ್ನು 12 ದಿನ ಕಾಯಿಸಿದಾಗ ಅದರಲ್ಲೊಂದಿಷ್ಟು ಆಕ್ಸಿಜನ್ನನ್ನು ಹೀರಿ ಕೆಂಪು ಪುಡಿಯಾಗಿ ಉಳಿಯಿತು. ಬದಲಿಗೆ ಯಾವ ಅನಿಲವೂ ಹುಟ್ಟಲಿಲ್ಲ, ಆದ್ದರಿಂದ 50 ಘನ ಅಂಗುಲದಷ್ಟಿದ್ದ ಗಾಳಿ ತಣ್ಣಗಾದ ಮೇಲೆ 42–43ಕ್ಕೆ ಇಳಿದಿತ್ತು, ಇಳಿಕೆ ಐದನೇ ಒಂದಕ್ಕೆ ತುಸು ಕಡಿಮೆ. ಪಾದರಸ ಮಕ್ಕಳ ಕೈಗೆ ಸಲ್ಲದು, ಆದರೆ ತುಕ್ಕು ಹಿಡಿಯುವ ಕಬ್ಬಿಣ ಅದೇ ಕೆಲಸವನ್ನು ಬೆಂಕಿಯಿಲ್ಲದೆ ಮಾಡುತ್ತದೆ. ನವಿರಾದ ಸ್ಟೀಲ್ ವುಲ್ಲನ್ನು ವಿನೆಗರಿನಲ್ಲಿ ಅದ್ದಿ, ಹಿಂಡಿ, ಉದ್ದನೆಯ ಲೋಟದ ತಳಕ್ಕೆ ತುರುಕಿ ನೀರಿನ ತಟ್ಟೆಯಲ್ಲಿ ಕವುಚಿಟ್ಟರೆ ನೀರು ಗಂಟೆಗಟ್ಟಲೆ ಮೆಲ್ಲಗೆ ಏರಿ, ಐದನೇ ಒಂದರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಎಚ್ಚರಿಕೆ ಬೇಕಾದದ್ದು ಪಟ್ಟಿಯಲ್ಲಿ: ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಹೊಳೆಯುವ ಸುರುಳಿ ಸಾಮಾನ್ಯವಾಗಿ ಸ್ಟೇನ್‌ಲೆಸ್, ಅದು ತುಕ್ಕು ಹಿಡಿಯದು, ನೀರೂ ಏರದು. ಬೇಕಾದದ್ದು ಮರಕ್ಕೆ ಪಾಲಿಶ್ ಮಾಡುವವರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಳ್ಳುವಂಥದ್ದು. ಅನುಮಾನವಿದ್ದರೆ ಒಂದೆಳೆಯನ್ನು ಒದ್ದೆ ಮಾಡಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೆಂಪಾಗಿದೆಯೇ ನೋಡಬೇಕು. ಇದರಲ್ಲಿ ಜ್ವಾಲೆಯಿಲ್ಲ, ಸರ್ರನೆ ಏರುವ ನೀರಿಲ್ಲ, ವಿರಾಮವೆಂದರೆ ಒಂದು ಇಡೀ ರಾತ್ರಿ. ನಾಲ್ಕು ನಿಮಿಷದ ವಿಡಿಯೊಕ್ಕೆ ಅದು ಒಗ್ಗುವುದಿಲ್ಲ, ಮೇಣದಬತ್ತಿ ಇನ್ನೂ ಉಳಿದುಕೊಂಡಿರುವುದು ಅದರಿಂದಲೇ.